ನಲವತ್ತೊಂಬತ್ತು ದಿನ ಕಾಯುವ ದೋಷ

ವಿಂಡೋಸ್ 95 ಮತ್ತು ವಿಂಡೋಸ್ 98ರಲ್ಲಿ ಒಂದು ವಿಚಿತ್ರ ದೋಷವಿತ್ತು. ಕಂಪ್ಯೂಟರನ್ನು ಒಮ್ಮೆಯೂ ಆರಿಸದೆ 49.7 ದಿನ ಓಡಿಸಿದರೆ ಅದು ಇದ್ದಲ್ಲೇ ಸ್ತಬ್ಧವಾಗಬಹುದಿತ್ತು. ಆಗ ಕೀಲಿ ಒತ್ತಿದರೂ ಉತ್ತರವಿಲ್ಲ, ಉಳಿಸದೆ ಬಿಟ್ಟ ಕೆಲಸ ಮರಳಿ ಸಿಗುವುದಿಲ್ಲ.

ಇದರ ಹಿಂದೆ ಇದ್ದದ್ದು ಸರಳ ಲೆಕ್ಕ. ಯಂತ್ರ ಚಾಲೂ ಆದ ಕ್ಷಣದಿಂದ ಎಷ್ಟು ಮಿಲಿಸೆಕೆಂಡು ಕಳೆಯಿತೆಂದು ವ್ಯವಸ್ಥೆ ಎಣಿಸುತ್ತಿರುತ್ತದೆ. ಆ ಎಣಿಕೆಗೆ ಕೊಟ್ಟಿದ್ದ ಜಾಗ 32 ಬಿಟ್. ಅದರಲ್ಲಿ 4,294,967,295ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುವುದಿಲ್ಲ. ಅಷ್ಟು ಮಿಲಿಸೆಕೆಂಡೆಂದರೆ 49 ದಿನ, 17 ಗಂಟೆ, 2 ನಿಮಿಷ, 47 ಸೆಕೆಂಡು. ಅದು ದಾಟಿದೊಡನೆ, ಹಳೆಯ ಸ್ಕೂಟರಿನ ಮೀಟರು ತುಂಬಿದ ಮೇಲೆ ಸೊನ್ನೆಗೆ ಮರಳುವ ಹಾಗೆ, ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಸಮಯ ಹಿಂದಕ್ಕೆ ಹೋಗದೆಂದು ನಂಬಿ ಬರೆದ ಪ್ರೋಗ್ರಾಂ ಅಲ್ಲಿ ಎಡವುತ್ತದೆ.

ವಿಂಡೋಸ್ 95 ಮಾರುಕಟ್ಟೆಗೆ ಬಂದದ್ದು 1995ರ ಆಗಸ್ಟಿನಲ್ಲಿ. ಈ ದೋಷ ಬೆಳಕಿಗೆ ಬಂದದ್ದು 1999ರಲ್ಲಿ. ಇಷ್ಟು ದೊಡ್ಡ ಕುಂದು ಅಷ್ಟು ವರ್ಷ ಯಾರ ಕಣ್ಣಿಗೂ ಬೀಳದ್ದಕ್ಕೆ ಕಾರಣ ಬಳಸುವವರ ಅಭ್ಯಾಸ. ಮನೆಯ ಕಂಪ್ಯೂಟರನ್ನು ರಾತ್ರಿ ಆರಿಸುತ್ತಾರೆ. ಕಚೇರಿಯದನ್ನು ಸಂಜೆ ಆರಿಸುತ್ತಾರೆ. ಹೀಗೆ ಪ್ರತಿ ಸಲ ಆರಿಸಿದಾಗಲೂ ಎಣಿಕೆ ಹೊಸದಾಗಿ ಶುರುವಾಗುತ್ತದೆ. ಐವತ್ತನೆಯ ದಿನ ಕಂಡ ಯಂತ್ರಗಳೇ ತೀರ ವಿರಳ.

ಸಾಫ್ಟ್‌ವೇರ್ ಪರೀಕ್ಷಿಸುವವರು ಪ್ರತಿಯೊಂದು ದೋಷಕ್ಕೂ ಎರಡು ಅಂಕ ಕೊಡುವುದು ಯಾಕೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಒಂದು ಅಂಕ ತೀವ್ರತೆಯದು. ದೋಷ ಎದುರಾದಾಗ ವ್ಯವಸ್ಥೆಗೆ ಎಷ್ಟು ಪೆಟ್ಟಾಗುತ್ತದೆ? ಮಾಹಿತಿ ಅಳಿಯುತ್ತದೆಯೇ, ಕೆಲಸ ನಿಲ್ಲುತ್ತದೆಯೇ, ಬೇರೆ ದಾರಿಯಲ್ಲಾದರೂ ಕೆಲಸ ಮುಗಿಸಬಹುದೇ? ಇದನ್ನು ಅಳೆಯುವವರು ಪರೀಕ್ಷಕರು. ಇನ್ನೊಂದು ಅಂಕ ಆದ್ಯತೆಯದು. ಉಳಿದ ಕೆಲಸಗಳ ನಡುವೆ ಇದನ್ನು ಯಾವಾಗ ಸರಿಪಡಿಸಬೇಕು? ಇದನ್ನು ಸಾಮಾನ್ಯವಾಗಿ ಆ ಉತ್ಪನ್ನದ ಹೊಣೆ ಹೊತ್ತವರು, ಪ್ರೋಗ್ರಾಂ ಬರೆಯುವವರ ಜೊತೆ ಕೂತು ನಿರ್ಧರಿಸುತ್ತಾರೆ. ದೋಷಗಳ ಪಟ್ಟಿಯಲ್ಲಿ ಇವು ಸಾಮಾನ್ಯವಾಗಿ S1, S2 ಎಂದೂ P1, P2 ಎಂದೂ ಕಾಣುತ್ತವೆ. 1 ಎಂದರೆ ಎಲ್ಲಕ್ಕಿಂತ ಮೇಲು.

ಮನೆಯ ಕಂಪ್ಯೂಟರಿನ 49.7 ದಿನದ ದೋಷಕ್ಕೆ S1 ಕೊಡಬೇಕು. ಇಡೀ ಯಂತ್ರವೇ ನಿಲ್ಲುವಾಗ ಬೇರೆ ಅಂಕ ಕೊಡಲಾಗದು. ಆದ್ಯತೆಯ ಅಂಕಣದಲ್ಲಿ P3 ಬರೆದರೂ ತಪ್ಪಲ್ಲ. ದಿನಕ್ಕೆ ಹತ್ತು ಸಲ ಮುದ್ರಣ ಕೈಕೊಡುವ ಇನ್ನೊಂದು ದೋಷವಿದ್ದರೆ ಅದನ್ನು ಮೊದಲು ಸರಿಪಡಿಸುವುದೇ ಜನರಿಗೆ ಮಾಡುವ ಉಪಕಾರ.

ಇದರ ತಿರುವುಮುರುವನ್ನೂ ಊಹಿಸಿಕೊಳ್ಳಿ. ನಾಳೆ ಬೆಳಿಗ್ಗೆ ಹತ್ತಕ್ಕೆ ಎಸ್ಸೆಸ್ಸೆಲ್ಸಿ ಫಲಿತಾಂಶ ಜಾಲತಾಣದಲ್ಲಿ ಬರಲಿದೆ. ಹಿಂದಿನ ದಿನ ಸಂಜೆ ಪರೀಕ್ಷಕಿಯೊಬ್ಬರು ನೋಂದಣಿ ಸಂಖ್ಯೆ ಕೊಟ್ಟು ನೋಡುತ್ತಾರೆ. ಅಂಕಗಳು ಸರಿ, ಹೆಸರು ಸರಿ, ಒಟ್ಟು ಮೊತ್ತವೂ ಸರಿ. ಆದರೆ ಪುಟದ ತಲೆಯಲ್ಲಿ ಕಳೆದ ವರ್ಷದ ಇಸವಿ ಉಳಿದುಬಿಟ್ಟಿದೆ. ವ್ಯವಸ್ಥೆಗೆ ಯಾವ ಪೆಟ್ಟೂ ಇಲ್ಲ, ಒಂದು ಅಕ್ಷರವೂ ಕಳೆದುಹೋಗಿಲ್ಲ. ತೀವ್ರತೆ S4. ಆದರೂ ಇದು P1. ನಾಳೆ ಲಕ್ಷಾಂತರ ಮಕ್ಕಳು ಆ ಪುಟ ತೆರೆದು ಇಸವಿ ನೋಡಿ, ಇದು ನನ್ನ ಫಲಿತಾಂಶವೇ ಅಲ್ಲವೆಂದು ಕಂಗಾಲಾಗುತ್ತಾರೆ. ಸರಿಪಡಿಸಲು ಬೇಕಾದದ್ದು ಕೆಲವೇ ನಿಮಿಷ, ಆದರೆ ಅದು ಇವತ್ತೇ ಆಗಬೇಕು. ಇದೇ ತಪ್ಪು ನವೆಂಬರಿನಲ್ಲಿ, ಹಳೆಯ ಫಲಿತಾಂಶ ಹುಡುಕುವವರು ಒಬ್ಬಿಬ್ಬರಿರುವಾಗ ಸಿಕ್ಕಿದ್ದರೆ ಮುಂದಿನ ತಿಂಗಳವರೆಗೂ ಕಾಯಬಹುದಿತ್ತು. ಆಗಲೂ ತೀವ್ರತೆ S4 ಆಗಿಯೇ ಇರುತ್ತಿತ್ತು.

ಇಲ್ಲೇ ಎರಡರ ಗುಣಭೇದ ಸ್ಪಷ್ಟವಾಗುತ್ತದೆ. ತೀವ್ರತೆಯನ್ನು ಹೇಳಲು ದೋಷವನ್ನು ನೋಡಿದರೆ ಬಹುಮಟ್ಟಿಗೆ ಸಾಕು. ಆದ್ಯತೆಯನ್ನು ಹೇಳಲು ಅದರ ಸುತ್ತಲಿನ ಲೋಕವನ್ನೂ ನೋಡಬೇಕು: ಎಷ್ಟು ಜನರಿಗೆ, ಎಷ್ಟು ಸಲ, ಯಾವ ದಿನ, ಬದಲಿ ದಾರಿ ಯಾವುದು, ಸರಿಪಡಿಸಲು ಹೋಗಿ ಬೇರೇನಾದರೂ ಕೆಟ್ಟೀತೇ. ಆ ಲೋಕ ಬದಲಾಗುತ್ತಿರುತ್ತದೆ. ಹಾಗಾಗಿ ಒಮ್ಮೆ ಕೊಟ್ಟ ಆದ್ಯತೆ ಕೊನೆಯವರೆಗೂ ಸರಿಯಾಗಿರುತ್ತದೆಂಬ ಭರವಸೆ ಇಲ್ಲ.

ಅದಕ್ಕೆ ಸಾಕ್ಷಿ ಅಮೆರಿಕದಲ್ಲಿದೆ. ಕ್ಯಾಲಿಫೋರ್ನಿಯಾದ ಪಾಮ್‌ಡೇಲ್‌ನಲ್ಲಿ ಲಾಸ್ ಏಂಜಲೀಸ್ ಸುತ್ತಲಿನ ಆಕಾಶದ ವಿಮಾನ ಸಂಚಾರ ನಿಯಂತ್ರಣ ಕೇಂದ್ರವಿದೆ. 2004ರ ಸೆಪ್ಟೆಂಬರ್ 14ರ ಸಂಜೆ ಅಲ್ಲಿನ ನಿಯಂತ್ರಕರು ವಿಮಾನಗಳೊಂದಿಗೆ ಮಾತಾಡುವ ರೇಡಿಯೋ ವ್ಯವಸ್ಥೆ ನಿಂತುಹೋಯಿತು. ಬದಲಿ ವ್ಯವಸ್ಥೆಯೂ ಕೂಡಲೇ ಕೈಕೊಟ್ಟಿತು. ಆಕಾಶದಲ್ಲಿದ್ದ ಸುಮಾರು 400 ವಿಮಾನಗಳಿಗೆ ನೆಲದ ದನಿ ಕೇಳದಂತಾಯಿತು. ಕೆಲವು ವಿಮಾನಗಳು ನಡುವೆ ಇರಬೇಕಾದ ಅಂತರ ಮೀರಿ ಹತ್ತಿರ ಬಂದವು. ಡಿಕ್ಕಿಯಾಗಲಿಲ್ಲ, ಯಾರಿಗೂ ಪೆಟ್ಟಾಗಲಿಲ್ಲ.

ಕಾರಣ ಹುಡುಕಿದಾಗ ಸಿಕ್ಕಿದ್ದು ನಮಗಾಗಲೇ ಪರಿಚಯವಾದ ಲೆಕ್ಕ. ಆ ವ್ಯವಸ್ಥೆಯ ನಿಯಂತ್ರಣ ಭಾಗ ವಿಂಡೋಸ್ ಮೇಲೆ ಓಡುತ್ತಿತ್ತು. ಅದರಲ್ಲೂ 32 ಬಿಟ್‌ನ ಮಿಲಿಸೆಕೆಂಡು ಎಣಿಕೆಯಿತ್ತು. ಇಲ್ಲಿ ಅದು ಮೇಲಿನಿಂದ ಕೆಳಗೆ ಇಳಿಯುತ್ತಿತ್ತು. 49.7 ದಿನ ಮುಗಿದು ಸೊನ್ನೆ ಮುಟ್ಟಿದಾಗ ವ್ಯವಸ್ಥೆ ತನ್ನನ್ನೇ ಆರಿಸಿಕೊಂಡಿತು.

ಈ ದೋಷ ಮೊದಲೇ ಗೊತ್ತಿತ್ತು ಎಂಬುದು ಮನಸ್ಸಿಗೆ ನಾಟುವ ಸಂಗತಿ. 30 ದಿನಕ್ಕೊಮ್ಮೆ ಯಂತ್ರವನ್ನು ಆರಿಸಿ ಚಾಲೂ ಮಾಡಬೇಕೆಂಬ ನಿಯಮವೂ ಇತ್ತು. ಮೂವತ್ತಕ್ಕೂ ಐವತ್ತಕ್ಕೂ ನಡುವೆ ಸಾಕಷ್ಟು ಬಿಡುವಿದೆ ಎಂಬ ಧೈರ್ಯದ ಮೇಲೆ ಮೂಲ ದೋಷ ಹಾಗೇ ಉಳಿದಿತ್ತು. ಆ ಸಲ ಸಿಬ್ಬಂದಿಯಿಂದ ಆ ಕೆಲಸ ತಪ್ಪಿಹೋಯಿತು. ಮನೆಯಲ್ಲಿ ಜನರ ಅಭ್ಯಾಸ ತಾನಾಗಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಒಬ್ಬ ಮನುಷ್ಯನ ನೆನಪು ಮಾಡಬೇಕಿತ್ತು. ಹಗಲೂ ರಾತ್ರಿ ನಿಲ್ಲದೆ ಓಡಬೇಕಾದ ಯಂತ್ರಕ್ಕೆ ಐವತ್ತನೆಯ ದಿನ ವಿರಳವಲ್ಲ. ಯಾರೂ ತಡೆಯದಿದ್ದರೆ ಅದು ಬಂದೇ ಬರುತ್ತದೆ. ಎರಡೂ ಕಡೆ ತೀವ್ರತೆ ಒಂದೇ, S1. ಆದ್ಯತೆ ಮಾತ್ರ ಅಲ್ಲಿ P3, ಇಲ್ಲಿ P1 ಆಗಬೇಕಿತ್ತು.

ಎರಡು ಅಂಕಣಗಳು ಹಾಳಾಗುವುದು ಸಾಮಾನ್ಯವಾಗಿ ಎರಡು ಬಗೆಯಲ್ಲಿ. ತನ್ನ ದೋಷವನ್ನು ಯಾರಾದರೂ ಬೇಗ ನೋಡಲೆಂದು ಪರೀಕ್ಷಕ ತೀವ್ರತೆಯನ್ನೇ ಏರಿಸಿ ಬರೆಯುವುದು ಒಂದು. ಪಟ್ಟಿಯಲ್ಲಿರುವ S1ಗಳೆಲ್ಲ P1, S2ಗಳೆಲ್ಲ P2 ಆಗಿದ್ದರೆ ಅಲ್ಲಿ ಹೀಗಾಗಿದೆ ಎಂದು ಅನುಮಾನಿಸಬಹುದು. ಒಂದು ಅಂಕಣ ಇನ್ನೊಂದರ ನಕಲಾಗಿರುತ್ತದೆ. ಎರಡನೆಯದು ಇನ್ನೂ ಅಪಾಯಕಾರಿ: ಆದ್ಯತೆ ಇಳಿಸಿದ ಕಾರಣವನ್ನು ಬರೆದಿಡದಿರುವುದು. ಬರಿಯ P3 ಮುಂದೆ ಓದುವವರಿಗೆ ಏನನ್ನೂ ಹೇಳುವುದಿಲ್ಲ. ಅದರ ಪಕ್ಕದಲ್ಲಿ "ಈ ಯಂತ್ರ ಪ್ರತಿ ರಾತ್ರಿ ಆರುತ್ತದೆ, ಆದ್ದರಿಂದ P3" ಎಂಬ ಒಂದು ಸಾಲು ಇದ್ದರೆ, ಅದೇ ಪ್ರೋಗ್ರಾಂ ಅನ್ನು ರಾತ್ರಿ ಆರದ ಯಂತ್ರಕ್ಕೆ ಹಾಕುವ ದಿನ ಯಾರೋ ಒಬ್ಬರು ಅದನ್ನು ಓದಿ ಕೈ ತಡೆಯುತ್ತಾರೆ.