ಬೇಸಿನ್ ಯಾರ ಮೊಣಕೈಗೆ ಹೊಂದಬೇಕು?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆ ಹೊಸ ಮನೆ ಕಟ್ಟುವಾಗ ಬಾಗಿಲು ಎಲ್ಲಿ ಬರಬೇಕೆಂದು ನಾಲ್ಕು ದಿನ ಚರ್ಚೆ ನಡೆಯುತ್ತದೆ. ಬಚ್ಚಲಿನ ಬೇಸಿನ್ ಎಷ್ಟು ಎತ್ತರಕ್ಕೆ ಬೇಕೆಂದು ಮಾತ್ರ ಗವಂಡಿಯಾಗಲಿ ಪ್ಲಂಬರ್ ಆಗಲಿ ಕೇಳುವುದು ಅಪರೂಪ. ರೂಢಿಯಂತೆ 32 ಇಂಚಿಗೆ ಪೆನ್ಸಿಲ್ ಗೀಟು ಬೀಳುತ್ತದೆ. ಆಯಿ, ಮಗ, ಸೊಸೆ, ಮೊಮ್ಮಗ ಎಲ್ಲರಿಗೂ ಬಚ್ಚಲು ಒಂದೇ ಇದ್ದರೆ ಆ ಗೀಟು ಹಾಕುವ ಮೊದಲೇ ಲೆಕ್ಕ ಮಾಡಬೇಕು.

ಲೆಕ್ಕ ಹಿಡಿಯಬೇಕಾದದ್ದು ಮೊಣಕೈಯಿಂದ. ಬರಿಗಾಲಲ್ಲಿ ನೆಟ್ಟಗೆ ನಿಂತು, ತೋಳು ಇಳಿಬಿಟ್ಟು, ಮುಂಗೈಯನ್ನು ಮಾತ್ರ ಮುಂದಕ್ಕೆ ಮಡಚಿ. ನೆಲದಿಂದ ಮೊಣಕೈಗೆ ಟೇಪು ಹಿಡಿಯಿರಿ. ಬೇಸಿನ್ನಿನ ಅಂಚು ಅದಕ್ಕಿಂತ ಸುಮಾರು ನಾಲ್ಕು ಇಂಚು ಕೆಳಗಿದ್ದರೆ ಕೈ ತೊಳೆಯಲು ಹದ. ಅಂಚು ಮೊಣಕೈಗಿಂತ ಮೇಲೆ ಹೋಯಿತೆಂದರೆ ಅಂಗೈ ಮೇಲಾಗಿ ಮೊಣಕೈ ಕೆಳಗಾಗುತ್ತದೆ. ನೀರು ಬಳೆ ದಾಟಿ, ತೋಳಿಗಿಳಿದು, ಮೊಣಕೈಯಿಂದ ನೆಲಕ್ಕೆ ತೊಟ್ಟಿಕ್ಕುತ್ತದೆ. ಆಯಿಯ ಕುಪ್ಪಸದ ತೋಳು ದಿನಾ ಒದ್ದೆಯಾಗುತ್ತಿದ್ದರೆ ಬೇಸಿನ್ ಎತ್ತರವಾಗಿದೆ ಎಂದರ್ಥ. ತೀರ ತಗ್ಗಾದರೆ ಎತ್ತರದವರ ಸೊಂಟ ಬಾಗುತ್ತದೆ, ಅಂಗಿಯ ಹೊಟ್ಟೆಯ ಭಾಗಕ್ಕೆ ನೀರು ಸಿಡಿಯುತ್ತದೆ.

ಒಂದು ಮನೆಯ ಲೆಕ್ಕ ಹಾಕಿ ನೋಡೋಣ. ಆಯಿ 4 ಅಡಿ 9 ಇಂಚು, ಅವರ ಮೊಣಕೈ ಸುಮಾರು 36 ಇಂಚಿಗೆ ಬರುತ್ತದೆ. ಸೊಸೆ 5 ಅಡಿ 1 ಇಂಚು, ಮೊಣಕೈ 38. ಮಗ 5 ಅಡಿ 10 ಇಂಚು, ಮೊಣಕೈ 44. ಆರು ವರ್ಷದ ಮೊಮ್ಮಗನದು ಸುಮಾರು 28. ನಾಲ್ಕು ನಾಲ್ಕು ಇಂಚು ಕಳೆದರೆ ಆಯಿಗೆ 32, ಸೊಸೆಗೆ 34, ಮಗನಿಗೆ 40, ಮೊಮ್ಮಗನಿಗೆ 24 ಬೇಕು. ಎಲ್ಲವನ್ನೂ ಕೂಡಿಸಿ ಸರಾಸರಿ ತೆಗೆಯುವುದು ತಪ್ಪು. ಮಗುವಿನ ಕಾಲಡಿಗೆ ಮಣೆ ಇಡಬಹುದು, ಮಗು ಬೆಳೆಯುತ್ತದೆ ಕೂಡ. ಆಯಿಯನ್ನು ಒದ್ದೆ ನೆಲದಲ್ಲಿ ಮಣೆ ಹತ್ತಿಸಬಾರದು. ಎತ್ತರದ ಮಗನಿಗೆ ಮುಖ ತೊಳೆಯಲು ಹೇಗೂ ಬಾಗಲೇಬೇಕು. ಆದ್ದರಿಂದ ಮನೆಯ ದೊಡ್ಡವರಲ್ಲಿ ಅತಿ ಗಿಡ್ಡನೆಯವರು ತಾಳುವ ಮೇಲಿನ ಮಿತಿಯೇ ಮನೆಯ ಎತ್ತರ. ನಾನಾದರೆ ಇಲ್ಲಿ 33 ಇಂಚು ಹಿಡಿಯುತ್ತೇನೆ. ಆಯಿಯ ಮೊಣಕೈ ಆಗಲೂ ಅಂಚಿಗಿಂತ ಮೂರು ಇಂಚು ಮೇಲೇ ಇರುತ್ತದೆ. ರೂಢಿಯ ಗೀಟಿಗಿಂತ ಮಗನಿಗೆ ಒಂದು ಇಂಚು ಸಿಕ್ಕಂತಾಗುತ್ತದೆ.

ಗೋಡೆಗೆ ತೂತು ಹಾಕುವ ಮೊದಲು ಒಂದು ಬೆಳಗ್ಗೆ ಪರೀಕ್ಷೆ ಮಾಡಿ. ಇಟ್ಟಿಗೆಗಳನ್ನು ಅಲುಗಾಡದಂತೆ ಪೇರಿಸಿ, ಮೇಲೆ ಬುಟ್ಟಿ ಇಟ್ಟು, ಬುಟ್ಟಿಯ ಅಂಚು 33 ಇಂಚಿಗೆ ಬರುವಂತೆ ನೋಡಿ. ಎಲ್ಲರೂ ತಂಬಿಗೆ ನೀರಿನಲ್ಲಿ ಕೈ, ಮುಖ ತೊಳೆಯಲಿ. ಟೇಪು ಹೇಳದ್ದನ್ನು ಆಯಿಯ ಭುಜ ಹೇಳುತ್ತದೆ.

ಕೆಲಸ ಕೆಡುವುದು ಹೆಚ್ಚಾಗಿ ಎರಡು ಕಡೆ. ಮೊದಲನೆಯದು ಅಳತೆ ಹಿಡಿಯುವ ನೆಲ. ಫರ್ಶಿ ಕೂರುವ ಮೊದಲು ಕಾಂಕ್ರೀಟಿನಿಂದ 33 ಅಳೆದರೆ, ಮಸಾಲೆ ಮತ್ತು ಫರ್ಶಿ ಸೇರಿ ಎರಡು ಇಂಚಿನಷ್ಟು ನುಂಗುತ್ತವೆ, ಕೊನೆಗೆ ಉಳಿಯುವುದು 31. ಬಚ್ಚಲಿನ ನೆಲಕ್ಕೆ ಇಳಿಜಾರೂ ಇರುವುದರಿಂದ, ಜನ ನಿಲ್ಲುವ ಜಾಗದ ಸಿದ್ಧ ನೆಲದಿಂದಲೇ ಅಳೆಯಿರಿ. ಎರಡನೆಯದು, ಈಗ ಎಲ್ಲರೂ ಇಷ್ಟಪಡುವ ಗ್ರಾನೈಟ್ ಮೇಲಿನ ಬಟ್ಟಲು ಬೇಸಿನ್. ಗವಂಡಿ ಕಲ್ಲನ್ನು 33ಕ್ಕೆ ಕೂರಿಸುತ್ತಾನೆ, ಅದರ ಮೇಲೆ ಐದಾರು ಇಂಚಿನ ಬಟ್ಟಲು ಬಂದು ಅಂಚು 39 ಮುಟ್ಟುತ್ತದೆ. ಅದು ಆಯಿಯ ಮೊಣಕೈಗಿಂತ ಮೂರು ಇಂಚು ಮೇಲೆ. ಬಟ್ಟಲನ್ನು ಮೊದಲು ಕೊಂಡು, ಅದರ ಎತ್ತರ ಕಳೆದು, ಕಲ್ಲನ್ನು 27–28ಕ್ಕೆ ಹಾಕಿಸಬೇಕು. ಕಲ್ಲು ಗೋಡೆಯಲ್ಲಿ ಕೂತ ಮೇಲೆ ಒಡೆಯದೆ ಸರಿಪಡಿಸುವ ದಾರಿಯಿಲ್ಲ. ಕಂಬದ ಬೇಸಿನ್ನಿನ ಎತ್ತರ ಕಂಬದ ಜೊತೆಗೇ ಬರುತ್ತದೆ. ಕಂಬದಡಿ ಒಂದು ಗ್ರಾನೈಟ್ ತುಂಡು ಹಾಕಿ ಎತ್ತರಿಸಬಹುದು, ತಗ್ಗಿಸಲಾಗದು.

ಇನ್ನು ಮಗುವಿನ ವಿಷಯ. 33ರ ಅಂಚಿಗೆ ಮೊಮ್ಮಗನಿಗೆ ಒಂಬತ್ತು ಇಂಚಿನ ಮಣೆ ಬೇಕು. ಎರಡೂ ಪಾದ ಪೂರ್ತಿ ಊರುವಷ್ಟು ಅಗಲ, ಅಡಿಗೆ ಜಾರದ ರಬ್ಬರ್ ಇರಲಿ. ಮಣೆ ದಿನಾ ಬೇಸಿನ್ ಕೆಳಗೇ ಇರಬೇಕು. ಕೈಗೆ ಸಿಗದಿದ್ದರೆ ಮಗು ಅಂಚಿಗೆ ಜೋತುಬೀಳುತ್ತದೆ, ಗೋಡೆಗೆ ತೂಗಿದ ಬೇಸಿನ್ನಿನ ಬೋಲ್ಟ್ ಸಡಿಲುತ್ತದೆ. ಬೇಸಿನ್ ಮತ್ತು ಗೋಡೆಯ ನಡುವಿನ ಬಿಳಿ ಸಿಮೆಂಟಿನಲ್ಲಿ ಕೂದಲೆಳೆಯ ಬಿರುಕು ಕಂಡರೆ ಅದೇ ದಿನ ಪ್ಲಂಬರ್‌ಗೆ ಹೇಳಿ. ಬಿದ್ದ ಪಿಂಗಾಣಿಯ ಚೂರು ಕತ್ತಿಯಷ್ಟು ಹರಿತ. ಶಾಲೆಗೆ ಸೇರದ ಕೂಸಿಗೆ ಮಣೆಯೂ ಬೇಡ. ಬಕೆಟ್ ತುಂಬಿಸಲು ಸುಮಾರು ಎರಡು ಅಡಿಗೆ ಇಟ್ಟ ನಲ್ಲಿ ನಮ್ಮ ಬಚ್ಚಲುಗಳಲ್ಲಿ ಇದ್ದೇ ಇರುತ್ತದೆ. ಅದರ ಪಕ್ಕ ಒಂದು ಸಾಬೂನು ತಟ್ಟೆ ಹೊಡೆಸಿದರೆ ಕೂಸಿನ ಬೇಸಿನ್ ಅದೇ.