ಪುಸ್ತಕದಲ್ಲಿ ಕುಣಿವ, ಕಂಠದಲ್ಲಿ ನಲಿವ

ದಾಸರ ಪದವೊಂದನ್ನು ಧ್ವನಿಮುದ್ರಿಕೆಯಿಂದ ಕೇಳಿ ಬರೆದುಕೊಳ್ಳಲು ಕೂತವರಿಗೆ ಬಹುಬೇಗ ತೊಡಕು ಎದುರಾಗುತ್ತದೆ. ಪಕ್ಕದಲ್ಲಿರುವ ಪುಸ್ತಕದಲ್ಲಿ ಐದು ಚರಣ, ಹಾಡಿರುವುದು ಎರಡೇ. ಆ ಎರಡರಲ್ಲೂ ಅಲ್ಲಲ್ಲಿ ಮಾತು ಬೇರೆ. ಹೆಚ್ಚಿನವರು ಆಗ ಪುಸ್ತಕ ನೋಡಿ ‘ತಿದ್ದಿ’ಬಿಡುತ್ತಾರೆ. ಕೇಳಿದ್ದರಲ್ಲಿ ಅರ್ಧ, ಓದಿದ್ದರಲ್ಲಿ ಅರ್ಧ ಸೇರಿ, ಯಾರೂ ಹಾಡದ, ಯಾವ ಪುಸ್ತಕದಲ್ಲೂ ಇಲ್ಲದ ಮೂರನೆಯ ಪಾಠವೊಂದು ಹುಟ್ಟುತ್ತದೆ. ಮುಂದಿನವರು ಅದನ್ನೇ ನಂಬಿ ಕಲಿಯುತ್ತಾರೆ.

ಅಚ್ಚಾದದ್ದೇ ಮೂಲ ಎಂಬ ನಂಬಿಕೆ ಆಧುನಿಕ ಕವಿಗಳ ವಿಷಯದಲ್ಲಿ ಬಹುಮಟ್ಟಿಗೆ ಸರಿ. ಅವರು ತಮ್ಮ ಸಂಕಲನವನ್ನು ತಾವೇ ಅಚ್ಚಿಗೆ ಕೊಟ್ಟವರು. ದಾಸರ ಕಥೆ ಹಾಗಲ್ಲ. ಪುರಂದರದಾಸರು 16ನೇ ಶತಮಾನದವರು. ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ದಾಸರ ಪದಗಳನ್ನು ಅಚ್ಚು ಮಾಡಿಸಿದ್ದು 19ನೇ ಶತಮಾನದ ನಡುವಿನಲ್ಲಿ. ನಡುವಿನ ಸುಮಾರು ಮುನ್ನೂರು ವರ್ಷ ಪದಗಳು ಉಳಿದದ್ದು ಹಾಡುವವರ ಬಾಯಲ್ಲಿ, ಓಲೆಗರಿಯಲ್ಲಿ, ಕೈಬರಹದ ಪುಸ್ತಕಗಳಲ್ಲಿ. ಎಂದರೆ ಇಂದಿನ ಅಚ್ಚಿನ ಪಾಠವೂ ಬಹಳ ಸಲ ಯಾರೋ ಹಾಡಿದ್ದನ್ನು ಯಾರೋ ಬರೆದುಕೊಂಡದ್ದೇ. ಹಾಡುಗಾರರದ್ದೇ ತಪ್ಪು ಎಂದು ಕೇಳುವ ಮೊದಲೇ ತೀರ್ಮಾನಿಸಲು ನಮಗೆ ಆಧಾರವಿಲ್ಲ.

ಮಾತು ಬದಲಾಗುವುದಕ್ಕೆ ಕಾರಣಗಳು ಹಲವು. ಹಳೆಯ 78 ಆರ್‌ಪಿಎಂ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದದ್ದು ಮೂರು ನಿಮಿಷಕ್ಕಿಂತ ತುಸು ಹೆಚ್ಚು, ಅಷ್ಟೆ. ಚರಣಗಳು ಉದುರಿದ್ದರಲ್ಲಿ ಆಶ್ಚರ್ಯವಿಲ್ಲ. ಇನ್ನು ಕೆಲವು ಸಲ ಹಳೆಯ ಮಾತು ಕೇಳುಗರಿಗೆ ತಿಳಿಯದೆಂದು ಹಾಡುಗಾರರೇ ಪರಿಚಿತ ಮಾತು ಹಾಕಿಕೊಳ್ಳುತ್ತಾರೆ. ಹೆಚ್ಚು ಕುತೂಹಲದ್ದು ಲಿಪಿಯ ಕಾರಣ. ಕರ್ನಾಟಕ ಸಂಗೀತದ ಎಷ್ಟೋ ಹಾಡುಗಾರರು ಕನ್ನಡ ಪದಗಳನ್ನು ತಮಿಳು ಲಿಪಿಯಲ್ಲಿ ಬರೆದುಕೊಂಡು ಕಲಿತವರು. ಆ ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ, ಮಹಾಪ್ರಾಣಕ್ಕೆ ಬೇರೆ ಅಕ್ಷರವೇ ಇಲ್ಲ. ‘ಕಾಳಿ’ಯೂ ‘ಗಾಳಿ’ಯೂ, ‘ಬಾಲ’ವೂ ‘ಪಾಲ’ವೂ ಬರಹದಲ್ಲಿ ಒಂದೇ. ಒಳ್ಳೆಯ ಸಂಗೀತ ಪುಸ್ತಕಗಳು ಅಕ್ಷರದ ಪಕ್ಕದಲ್ಲಿ 2, 3, 4 ಎಂದು ಪುಟ್ಟ ಅಂಕಿ ಹಾಕಿ ಈ ವ್ಯತ್ಯಾಸ ತೋರಿಸುತ್ತವೆ. ಅಂಕಿ ಬಿಟ್ಟುಹೋದ ಪ್ರತಿಯಿಂದ ಕಲಿತವರ ಹಾಡಿನಲ್ಲಿ ಗಕಾರ ಕಕಾರವಾಗಿ ಕೇಳಿಸಿದರೆ ಅದು ಬೇರೆ ಪಾಠವಲ್ಲ, ಲಿಪಿಯ ನೆರಳು.

ಹಾಗಾದರೆ ನಿಜವಾದ ಪಾಠಭೇದವನ್ನು ತೂಗುವುದು ಹೇಗೆ? ಮೊದಲು ಅದೇ ಸಾಲನ್ನು ಸಂಗತಿ ಸಂಗತಿಯಾಗಿ ಮರಳಿ ಹಾಡುವಾಗ ಮಾತು ಏನಾಗುತ್ತದೆ ಎಂದು ಕೇಳಬೇಕು. ಪ್ರತಿ ಸಲವೂ ಅದೇ ಮಾತು ಬಂದರೆ ಹಾಗೆಯೇ ಕಲಿತಿದ್ದಾರೆ. ಒಮ್ಮೆ ಮಾತ್ರ ಬಂದರೆ ಬಾಯಿ ತಪ್ಪಿದ್ದಿರಬಹುದು. ಆಮೇಲೆ ಪ್ರಾಸ. ದಾಸರ ಪದಗಳಲ್ಲಿ ಸಾಲುಗಳ ಎರಡನೆಯ ಅಕ್ಷರದ ವ್ಯಂಜನ ಸಾಮಾನ್ಯವಾಗಿ ಒಂದೇ ಇರುತ್ತದೆ. ತೋರಿಸಲೆಂದೇ ಇಲ್ಲಿ ಎರಡು ಸಾಲು ಕಟ್ಟಿದ್ದೇನೆ:

ಮಣಿಯ ಹಾರವ ತೊಡಿಸಿ
ಕುಣಿವ ಕಂದನ ಹಿಡಿದು

ಪುಸ್ತಕದಲ್ಲಿ ಹೀಗಿದೆ, ಹಾಡಿನಲ್ಲಿ ‘ನಲಿವ ಕಂದನ’ ಎಂದಿದೆ ಎಂದುಕೊಳ್ಳಿ. ಎರಡೂ ಮೂರು ಮಾತ್ರೆ, ತಾಳಕ್ಕೆ ತಕರಾರಿಲ್ಲ, ಅರ್ಥವೂ ಹೆಚ್ಚುಕಡಿಮೆ ಅದೇ. ಆದರೆ ‘ಮಣಿ’ಗೆ ‘ಕುಣಿ’ ಒದಗುತ್ತದೆ, ‘ನಲಿ’ ಒದಗುವುದಿಲ್ಲ. ಇಲ್ಲಿ ಪುಸ್ತಕದ ಪಾಠವೇ ಹಳೆಯದಿರಬೇಕು. ಪುಸ್ತಕದಲ್ಲಿ ‘ನಲಿವ’, ಕಂಠದಲ್ಲಿ ‘ಕುಣಿವ’ ಇದ್ದಿದ್ದರೆ? ಆಗ ಹಳೆಯದನ್ನು ಕಾಪಾಡಿದವರು ಹಾಡುಗಾರರು! ಪುಸ್ತಕ ನೋಡಿ ಮೌನವಾಗಿ ತಿದ್ದಿದವರು ಕಳೆಯುವುದು ಇಂಥದ್ದನ್ನೇ. ಈ ಪರೀಕ್ಷೆ ಸಾಲಿನ ಆರಂಭದಲ್ಲಿ ಮಾತ್ರ ನಡೆಯುತ್ತದೆ. ಜಾಣ ಸಂಪಾದಕರೊಬ್ಬರು ಪ್ರಾಸ ಕೂಡಿಸಲೆಂದೇ ಮಾತು ಬದಲಿಸಿದ್ದಿರಬಹುದು ಎಂಬ ಎಚ್ಚರವೂ ಬೇಕು.

ಬರೆಯುವ ಕ್ರಮ ಸರಳ. ಮೇಲೆ ಹಾಡಿದ್ದನ್ನು ಹಾಡಿದಂತೆಯೇ ಬರೆಯುವುದು. ಕೆಳಗೆ ಅಡಿಟಿಪ್ಪಣಿಯಲ್ಲಿ ಪುಸ್ತಕದ ಮಾತು, ಅದರ ಸಂಪಾದಕರು, ಮುದ್ರಣದ ವರ್ಷ. ಮೇಲಿನ ಉದಾಹರಣೆಗೆ ಟಿಪ್ಪಣಿ ಇಷ್ಟು ಸಾಕು: ‘ನಲಿವ – ಮೂರು ಸಲವೂ ಹೀಗೆ, ಮುದ್ರಿತ: ಕುಣಿವ’. ಹಾಡಿದವರ ಹೆಸರು, ಧ್ವನಿಮುದ್ರಿಕೆ ಯಾವುದು, ಎಷ್ಟನೆಯ ನಿಮಿಷ ಎಂಬುದೂ ಇದ್ದರೆ ಅನುಮಾನ ಬಂದವರು ತಾವೇ ಕೇಳಿ ನೋಡಬಹುದು. ಸ್ಪಷ್ಟವಾಗಿ ಕೇಳದ ಕಡೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಿಡುವುದೇ ಪ್ರಾಮಾಣಿಕ.

ಹಾಡದೆ ಬಿಟ್ಟ ಚರಣವನ್ನು ಪುಸ್ತಕದಿಂದ ತಂದು ತುಂಬಬಾರದು, ‘2, 3ನೇ ಚರಣ ಹಾಡಿಲ್ಲ’ ಎಂದು ಬರೆಯಬೇಕು. ಬಿಟ್ಟದ್ದು ಕೊನೆಯ ಚರಣವಾದರೆ ಇನ್ನಷ್ಟು ಎಚ್ಚರ ಬೇಕು, ಏಕೆಂದರೆ ಅಂಕಿತ ಇರುವುದು ಅಲ್ಲಿ. ಪದ ಪುರಂದರವಿಠಲನದೋ ಕಾಗಿನೆಲೆಯಾದಿಕೇಶವನದೋ ಎಂದು ಆ ಧ್ವನಿಮುದ್ರಿಕೆಯೊಂದರಿಂದಲೇ ಹೇಳಲಾಗುವುದಿಲ್ಲ. ಕರ್ತೃವಿನ ಹೆಸರು ಎಲ್ಲಿಂದ ಸಿಕ್ಕಿತೆಂಬುದನ್ನೂ ಅಡಿಟಿಪ್ಪಣಿಯಲ್ಲಿ ಬರೆಯಬೇಕಾಗುತ್ತದೆ.