ಚೌಕಳಿ ಅಂಗಿ ಏಕೆ ನಡುಗುತ್ತದೆ?

ನಾಲ್ಕು ಸೆಕೆಂಡಿನ ವಿಡಿಯೊದಲ್ಲಿ ಬಿಳಿ ಅಂಗಿ ತೊಟ್ಟು ನಡೆದು ಬರುವ ಹುಡುಗನಿಗೆ ಎಐ ನೆರವಿನಿಂದ ಚೌಕಳಿ ಅಂಗಿ ತೊಡಿಸಬೇಕು ಎಂದುಕೊಳ್ಳಿ. ಸೆಕೆಂಡಿಗೆ 24 ಫ್ರೇಮಿನಂತೆ ಒಟ್ಟು 96 ಚಿತ್ರ. ಒಂದೊಂದನ್ನೂ ಬಿಡಿಬಿಡಿಯಾಗಿ ಬದಲಿಸಿದರೆ ಪ್ರತಿ ಚಿತ್ರವೂ ಚೆಂದವೇ. ಓಡಿಸಿದಾಗ ಮಾತ್ರ ಚೌಕಳಿ ಕುದಿಯುವ ನೀರಿನಂತೆ ತಳಮಳಿಸುತ್ತದೆ. ಹಿಂದಿನ ಫ್ರೇಮಿನಲ್ಲಿ ಗೆರೆ ಎಲ್ಲಿತ್ತು ಎಂಬುದು ಮಾದರಿಗೆ ಗೊತ್ತೇ ಇರುವುದಿಲ್ಲ. ಪ್ರತಿ ಸಲವೂ ಹೊಸದಾಗಿ ಊಹಿಸುತ್ತದೆ.

ಅದಕ್ಕೇ ವಿಡಿಯೊಗೆಂದು ಕಟ್ಟಿದ ಮಾದರಿಗಳು ಹಲವು ಫ್ರೇಮುಗಳನ್ನು ಒಟ್ಟಿಗೆ ನೋಡುತ್ತವೆ. 16 ಫ್ರೇಮಿನ ಕಂತುಗಳಲ್ಲಿ ಕೆಲಸ ನಡೆಯುವುದಾದರೆ, ಹಿಂದಿನ ಕಂತಿನ ಕೊನೆಯ ನಾಲ್ಕನ್ನು ಮುಂದಿನದಕ್ಕೂ ಸೇರಿಸಬೇಕು. ಇಲ್ಲದಿದ್ದರೆ ಕಂತು ಬದಲಾಗುವಲ್ಲಿ ಬಣ್ಣ ಥಟ್ಟನೆ ಜಿಗಿಯುತ್ತದೆ. ನಾನು ಕಂಡಂತೆ ಹೆಚ್ಚಿನವರು ಕಡೆಗಣಿಸುವುದು ಮಾಸ್ಕನ್ನು, ಅಂದರೆ ಬಟ್ಟೆ ಬದಲಾಗಬೇಕಾದ ಜಾಗದ ಗುರುತನ್ನು. ಅದರ ಅಂಚು ನಡುಗಿದರೆ ಕಾಲರ್ ಕೂಡ ನಡುಗುತ್ತದೆ.

ಪರೀಕ್ಷೆ ಸುಲಭ. ಪ್ರತಿ ಫ್ರೇಮಿನಿಂದ ಎದೆಯ ಅದೇ ಜಾಗದ ಒಂದು ತೆಳು ಉದ್ದಪಟ್ಟಿ ಕತ್ತರಿಸಿ ಪಕ್ಕಪಕ್ಕ ಜೋಡಿಸಿ. ಚೌಕಳಿಯ ಅಡ್ಡಗೆರೆಗಳು ನುಣ್ಣಗೆ ಹರಿದರೆ ಸರಿ. ಗರಗಸದ ಹಲ್ಲಿನಂತೆ ಕಂಡರೆ ಅಂಗಿ ಮಿಣುಕುತ್ತಿದೆ.

ಹುಡುಗ ಪೂರ್ತಿ ತಿರುಗಿ ಬೆನ್ನು ತೋರಿಸಿದರೆ ಕಷ್ಟ. ಅಂಗಿಯ ಮುಂಭಾಗದ ಫೋಟೊ ಒಂದೇ ಇದ್ದಾಗ ಹಿಂಭಾಗವೆಲ್ಲ ಊಹೆಯೇ. ಹಿಂಭಾಗದ ಫೋಟೊವನ್ನೂ ಕೊಡಿ.